ಒಂದೇ ಪುಟದ ಹೂಡಿಕೆ ನೀತಿ ಪತ್ರ: ಹಂಚಿಕೆ, ಬದಲಾವಣೆಯ ನಿಯಮ, ಕಿವಿಗೊಡಬಾರದ ಸಂಗತಿಗಳು

ಪಿಂಚಣಿ ನಿಧಿಗಳು ಮತ್ತು ವಿಶ್ವವಿದ್ಯಾಲಯಗಳ ದತ್ತಿ ನಿಧಿಗಳು ತಮ್ಮ ಹಣವನ್ನು ಎಲ್ಲಿ, ಎಷ್ಟು ಇಡಬೇಕು, ಯಾವಾಗ ಬದಲಿಸಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತವೆ. ಅದಕ್ಕೆ ಹೂಡಿಕೆ ನೀತಿ ಪತ್ರ ಎನ್ನುತ್ತಾರೆ. ಮನೆಯ ಉಳಿತಾಯಕ್ಕೂ ಇಂಥದ್ದೊಂದು ಪತ್ರ ಬೇಕು, ಆದರೆ ಅದು ಒಂದು ಪುಟವನ್ನು ಮೀರಬಾರದು. ಮಾರುಕಟ್ಟೆ ಕುಸಿಯುತ್ತಿರುವ ದಿನ ಐದು ನಿಮಿಷದಲ್ಲಿ ಓದಿ ಮುಗಿಸಿ, ‘ಈಗ ನಾನು ಏನು ಮಾಡಬೇಕು’ ಎಂಬುದಕ್ಕೆ ಉತ್ತರ ಸಿಗಬೇಕು. ಹತ್ತು ಪುಟ ಬರೆದರೆ ಆ ದಿನ ಯಾರೂ ಅದನ್ನು ತೆಗೆದು ನೋಡುವುದಿಲ್ಲ.

ಪುಟದಲ್ಲಿ ಮೂರು ಸಂಗತಿಗಳಿರುತ್ತವೆ: ಹಂಚಿಕೆ, ಬದಲಾವಣೆಯ ನಿಯಮ, ಕಿವಿಗೊಡಬಾರದವುಗಳ ಪಟ್ಟಿ. ಬಹಳಷ್ಟು ಜನ ತಮ್ಮ ಸಮಯವನ್ನೆಲ್ಲ ಮೊದಲನೆಯದಕ್ಕೇ ಸುರಿಯುತ್ತಾರೆ. ಷೇರು ಶೇ. 55 ಇರಬೇಕೋ 60 ಇರಬೇಕೋ ಎಂದು ವಾರಗಟ್ಟಲೆ ಲೆಕ್ಕ ಹಾಕುತ್ತಾರೆ. ಆ ಐದು ಅಂಶಗಳಿಂದ ಆಗುವ ವ್ಯತ್ಯಾಸಕ್ಕಿಂತ, ಕುಸಿತದ ನಡುವೆ ಎಲ್ಲವನ್ನೂ ಮಾರಿ ಹೊರಬರುವುದರಿಂದ ಆಗುವ ನಷ್ಟ ಎಷ್ಟೋ ದೊಡ್ಡದು. ಹಾಗಾಗಿ ಪುಟದ ನಿಜವಾದ ಬಲ ಇರುವುದು ಎರಡನೆಯ ಭಾಗದಲ್ಲಿ. ಈ ಲೇಖನವೂ ಅಲ್ಲಿಯೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಲೆಕ್ಕ ಅರ್ಥವಾಗಲು ಒಂದು ಉದಾಹರಣೆ ಇಟ್ಟುಕೊಳ್ಳೋಣ. ಗಂಡ ಹೆಂಡತಿ ಇಬ್ಬರಿಗೂ 45 ವರ್ಷ. 60ಕ್ಕೆ ಕೆಲಸದಿಂದ ನಿವೃತ್ತರಾಗುವ ಯೋಚನೆ. ಇದುವರೆಗೆ ಕೂಡಿಟ್ಟಿರುವುದು ಎಂಟು ವರ್ಷದ ಮನೆಖರ್ಚಿಗೆ ಸಮನಾದ ಹಣ. ವರ್ಷಕ್ಕೆ ಕಾಲು ವರ್ಷದ ಖರ್ಚಿನಷ್ಟು ಹೊಸದಾಗಿ ಉಳಿಸುತ್ತಾರೆ. ಹಣವನ್ನು ಹೀಗೆ ‘ವರ್ಷದ ಖರ್ಚು’ ಎಂಬ ಅಳತೆಯಲ್ಲಿ ಬರೆಯುವುದು ಒಳ್ಳೆಯದು. ಶೇಕಡಾವಾರು ನಷ್ಟ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ, ಎರಡು ವರ್ಷದ ಖರ್ಚಿನ ಹಣ ಹೋಯಿತು ಎಂದರೆ ಅದರ ಭಾರ ತಿಳಿಯುತ್ತದೆ.

ಮೊದಲು ಯಾವ ಹಣ ಎಂದು ಬರೆಯಿರಿ

ಪುಟದ ಮೇಲ್ತುದಿಯಲ್ಲಿ ಎರಡು ಸಾಲು ಸಾಕು: ಈ ಹಣ ಯಾವುದಕ್ಕಾಗಿ, ಯಾವಾಗ ಬೇಕು. ‘ದೀರ್ಘಾವಧಿ ಸಂಪತ್ತು ವೃದ್ಧಿ’ ಎಂದು ಬರೆದರೆ ಏನೂ ಬರೆಯದಂತೆಯೇ. ‘60ನೇ ವಯಸ್ಸಿನಿಂದ ಮನೆಖರ್ಚಿಗೆ’ ಎಂದು ಬರೆಯಿರಿ.

ಅದರ ಕೆಳಗೆ ಯಾವುದು ಈ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದನ್ನೂ ಬರೆಯಿರಿ. ವಾಸದ ಮನೆ ಸೇರುವುದಿಲ್ಲ. ಆರು ತಿಂಗಳ ಖರ್ಚಿನ ತುರ್ತು ನಿಧಿ ಸೇರುವುದಿಲ್ಲ. ಮುಂದಿನ ನಾಲ್ಕೈದು ವರ್ಷದೊಳಗೆ ಬೇಕಾಗುವ ಹಣವೂ, ಅಂದರೆ ಕಾಲೇಜು ಶುಲ್ಕ ಅಥವಾ ಮನೆ ಕೊಳ್ಳುವ ಮುಂಗಡದಂಥದ್ದು, ಸೇರುವುದಿಲ್ಲ. ಈ ಗಡಿ ಎಳೆಯದಿದ್ದರೆ ಒಂದು ತೊಂದರೆ ಖಂಡಿತ. ತುರ್ತು ನಿಧಿಯನ್ನೂ ಸೇರಿಸಿ ‘ಶೇ. 50 ಸುರಕ್ಷಿತವಾಗಿದೆ’ ಎಂದುಕೊಂಡವರು, ಕೆಲಸ ಹೋದಾಗ ಅದನ್ನು ಖರ್ಚು ಮಾಡುತ್ತಾರೆ, ಹಂಚಿಕೆ ತನ್ನಷ್ಟಕ್ಕೆ ಷೇರಿನ ಕಡೆಗೆ ವಾಲುತ್ತದೆ. ಕೆಲಸ ಹೋಗುವುದೂ ಷೇರು ಬೀಳುವುದೂ ಒಟ್ಟೊಟ್ಟಿಗೆ ಆಗುವುದು ಹೆಚ್ಚು.

ಹಂಚಿಕೆಯನ್ನು ನಷ್ಟದಿಂದ ಹಿಂದಕ್ಕೆ ಲೆಕ್ಕ ಹಾಕಿ

ಎಷ್ಟು ಲಾಭ ಬೇಕು ಎಂದು ಹೊರಟರೆ ಎಲ್ಲರೂ ಹೆಚ್ಚು ಷೇರು ಎನ್ನುತ್ತಾರೆ. ಎಷ್ಟು ನಷ್ಟ ತಡೆಯಬಲ್ಲೆ ಎಂದು ಹೊರಡಿ. ಷೇರಿನ ಪಾಲು ಅರ್ಧಕ್ಕೆ ಇಳಿಯುತ್ತದೆ ಎಂಬುದನ್ನೇ ಆಧಾರವಾಗಿ ಹಿಡಿಯಿರಿ. ಇದು ಅತಿಯಾದ ಭಯವಲ್ಲ: ಅಮೆರಿಕದ ಎಸ್‌ ಅಂಡ್ ಪಿ 500 ಸೂಚ್ಯಂಕ 2007ರ ಅಕ್ಟೋಬರ್‌ನಿಂದ 2009ರ ಮಾರ್ಚ್‌ವರೆಗೆ ಸುಮಾರು ಶೇ. 57ರಷ್ಟು ಕುಸಿದಿತ್ತು.

ಈಗ ದಂಪತಿ ಬೇರೆ ಬೇರೆ ಕೂತು, ಒಬ್ಬರದನ್ನು ಇನ್ನೊಬ್ಬರು ನೋಡದಂತೆ, ಒಂದು ಪ್ರಶ್ನೆಗೆ ಉತ್ತರ ಬರೆಯಬೇಕು: ನಮ್ಮ ಎಂಟು ವರ್ಷದ ಹಣದಲ್ಲಿ ಎಷ್ಟು ವರ್ಷದ ಹಣ ಕಣ್ಣೆದುರಿಗೇ ಕರಗಿದರೂ ನಾನು ಮಾರದೆ ಇರಬಲ್ಲೆ? ಒಬ್ಬರು ಮೂರು ಎಂದು ಬರೆದರು, ಇನ್ನೊಬ್ಬರು ಎರಡು ಎಂದು ಬರೆದರು ಎಂದಿಟ್ಟುಕೊಳ್ಳಿ. ಎಂಟರಲ್ಲಿ ಎರಡು ಎಂದರೆ ಶೇ. 25. ಷೇರು ಅರ್ಧಕ್ಕಿಳಿದಾಗ ಒಟ್ಟು ಹಣದಲ್ಲಿ ಶೇ. 25 ಹೋಗಬೇಕೆಂದರೆ ಷೇರಿನ ಪಾಲು ಶೇ. 50 ಇರಬೇಕು. ಮೂರು ವರ್ಷ ಎಂದವರ ಲೆಕ್ಕದಲ್ಲಿ ಅದು ಶೇ. 75 ಆಗುತ್ತದೆ.

ಎರಡರ ಸರಾಸರಿ ತೆಗೆಯಬೇಡಿ, ಚಿಕ್ಕ ಸಂಖ್ಯೆಯನ್ನೇ ಹಿಡಿಯಿರಿ. ಯೋಜನೆ ಮುರಿಯುವುದು ಮನೆಯಲ್ಲಿ ಹೆಚ್ಚು ಹೆದರುವವರ ಸಹನೆ ತೀರಿದ ದಿನ. ಅವರ ಭಯ ತಪ್ಪಲ್ಲ. ಅದೂ ಲೆಕ್ಕಕ್ಕೆ ಸೇರಬೇಕಾದ ಸಂಗತಿ. ಹಾಗಾಗಿ ಈ ಮನೆಯ ಹಂಚಿಕೆ: ಷೇರು 50, ಬಾಂಡ್ 50. ಅಂದರೆ ನಾಲ್ಕು ವರ್ಷದ ಹಣ ಅಲ್ಲಿ, ನಾಲ್ಕು ವರ್ಷದ ಹಣ ಇಲ್ಲಿ. ಹೀಗೆ ಮಾಡಿದಾಗ ನಿವೃತ್ತಿಗೆ ಬೇಕಾದಷ್ಟು ಹಣ ಸೇರುವುದಿಲ್ಲ ಎಂದು ಕಂಡರೆ, ಉತ್ತರ ಉಳಿತಾಯ ಹೆಚ್ಚಿಸುವುದರಲ್ಲಿ ಅಥವಾ ಕೆಲಸದ ವರ್ಷಗಳನ್ನು ಮುಂದುವರಿಸುವುದರಲ್ಲಿದೆ. ತಡೆಯಲಾಗದ ನಷ್ಟವನ್ನು ಕಾಗದದ ಮೇಲೆ ಒಪ್ಪಿಕೊಂಡರೆ ಅದು ಕುಸಿತದ ದಿನ ಉಳಿಯುವುದಿಲ್ಲ.

ಒಂದು ಎಚ್ಚರಿಕೆ. ‘ಷೇರು 40ರಿಂದ 70’ ಎಂದು ವಿಶಾಲವಾಗಿ ಬರೆಯಬೇಡಿ. ಮಾರುಕಟ್ಟೆ ಏರಿದಾಗ 70ಕ್ಕೂ ಬಿದ್ದಾಗ 40ಕ್ಕೂ ಹೋಗಲು ಅದೇ ಪರವಾನಗಿಯಾಗುತ್ತದೆ. ಗುರಿ ಒಂದೇ ಸಂಖ್ಯೆಯಾಗಿರಲಿ.

‘ಷೇರು’, ‘ಬಾಂಡ್’ ಎಂಬ ಪದಗಳಿಗೂ ಒಂದೊಂದು ಸಾಲಿನ ವಿವರಣೆ ಬೇಕು. ಷೇರು ಎಂದರೆ ಇಡೀ ಮಾರುಕಟ್ಟೆಯನ್ನು ಒಳಗೊಂಡ, ಖರ್ಚು ಕಡಿಮೆಯಿರುವ ಇಂಡೆಕ್ಸ್ ಫಂಡ್ ಎಂದು ಬರೆದು, ಸ್ವದೇಶದ್ದೆಷ್ಟು ಹೊರದೇಶದ್ದೆಷ್ಟು ಎಂಬುದನ್ನೂ ನಮೂದಿಸಿ. ಒಂದೇ ದೇಶವನ್ನು ನಂಬಿದರೆ ಏನಾಗಬಹುದು ಎಂಬುದಕ್ಕೆ ಜಪಾನಿನ ನಿಕ್ಕೇ ಸೂಚ್ಯಂಕವಿದೆ. 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಅದು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ.

ಬಾಂಡ್ ವಿಷಯದಲ್ಲಿ ಅವಧಿಯನ್ನು ಬರೆಯಲೇಬೇಕು. ಬಡ್ಡಿದರ ಏರಿದರೆ ಈಗಾಗಲೇ ಇರುವ ಬಾಂಡ್‌ಗಳ ಬೆಲೆ ಇಳಿಯುತ್ತದೆ. ಫಂಡಿನ ವಿವರಪತ್ರದಲ್ಲಿ ‘ಡ್ಯುರೇಶನ್’ ಎಂಬ ಸಂಖ್ಯೆ ಇರುತ್ತದೆ. ಅದು 7 ಆಗಿದ್ದರೆ, ಬಡ್ಡಿದರ ಒಂದು ಅಂಶ ಏರಿದಾಗ ಬೆಲೆ ಸರಿಸುಮಾರು ಶೇ. 7 ಇಳಿಯುತ್ತದೆ. ಅದು 3 ಆಗಿದ್ದರೆ ಇಳಿಕೆಯೂ ಶೇ. 3ರ ಆಸುಪಾಸಿನಲ್ಲಿರುತ್ತದೆ. 2022ರಲ್ಲಿ ಅಮೆರಿಕದಲ್ಲಿ ಷೇರು, ಬಾಂಡ್ ಎರಡೂ ಒಟ್ಟಿಗೆ ಬಿದ್ದವು. ಅಲ್ಲಿನ ಪ್ರಮುಖ ಬಾಂಡ್ ಸೂಚ್ಯಂಕವೇ ಸುಮಾರು ಶೇ. 13 ಕಳೆದುಕೊಂಡಿತು. ಬಾಂಡ್ ಎಂದರೆ ಬೀಳುವುದೇ ಇಲ್ಲ ಎಂದುಕೊಂಡಿದ್ದವರು ಆ ವರ್ಷ ತಪ್ಪು ಸಮಯದಲ್ಲಿ ಹೊರಬಿದ್ದರು. ನಮ್ಮ ಉದಾಹರಣೆಯಲ್ಲಿ ‘ಉತ್ತಮ ದರ್ಜೆಯ ಬಾಂಡ್ ಫಂಡ್, ಡ್ಯುರೇಶನ್ 5ರೊಳಗೆ’ ಎಂದು ಬರೆದರೆ ಸಾಕು.

ಎರಡು ಬಗೆಯ ಬದಲಾವಣೆಗಳನ್ನು ಬೇರೆಯಾಗಿಡಿ

ಪುಟದ ನಡುಭಾಗಕ್ಕೆ ಬಂದೆವು. ಇಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಬೆರೆತು ಹೋಗುವುದೇ ಹೆಚ್ಚು. ಮಾರುಕಟ್ಟೆಯ ಏರಿಳಿತದಿಂದ ಪಾಲು ಅಲುಗಿದಾಗ ಅದನ್ನು ಗುರಿಗೆ ಮರಳಿ ತರುವುದು ಒಂದು. ಗುರಿಯನ್ನೇ ಬದಲಿಸುವುದು ಇನ್ನೊಂದು. ಮೊದಲನೆಯದು ಯೋಚನೆಯಿಲ್ಲದೆ, ಲೆಕ್ಕದ ಪ್ರಕಾರ ಆಗಬೇಕು. ಎರಡನೆಯದು ಕಷ್ಟಪಟ್ಟು, ನಿಧಾನವಾಗಿ ಮಾತ್ರ ಆಗುವಂತಿರಬೇಕು.

ಮೊದಲನೆಯದಕ್ಕೆ ಮರುಹೊಂದಾಣಿಕೆ ಎನ್ನೋಣ. ವರ್ಷಕ್ಕೆ ಎರಡು ದಿನಾಂಕ ನಿಗದಿ ಮಾಡಿ, ಉದಾಹರಣೆಗೆ ಜನವರಿ 10 ಮತ್ತು ಜುಲೈ 10. ಅಂದು ಮಾತ್ರ ಪಾಲು ಲೆಕ್ಕ ಹಾಕಿ. ಷೇರು 45ಕ್ಕಿಂತ ಕಡಿಮೆ ಅಥವಾ 55ಕ್ಕಿಂತ ಹೆಚ್ಚು ಇದ್ದರೆ 50ಕ್ಕೆ ತನ್ನಿ. ನಡುವೆ ಇದ್ದರೆ ಏನೂ ಮಾಡಬೇಡಿ, ದಿನಾಂಕ ಮತ್ತು ಪಾಲನ್ನು ಬರೆದಿಟ್ಟು ಎದ್ದುಬಿಡಿ.

ಐದು ಅಂಶಗಳ ಈ ಅಂತರ ಚಿಕ್ಕದೆನಿಸಬಹುದು, ಆದರೆ ಹಾಗಲ್ಲ. ಬಾಂಡ್ ಅಲುಗದೆ ನಿಂತಿದೆ ಎಂದುಕೊಂಡರೆ, ಷೇರಿನ ಪಾಲು 50ರಿಂದ 45ಕ್ಕೆ ಇಳಿಯಲು ಷೇರುಬೆಲೆ ಸುಮಾರು ಶೇ. 18 ಬೀಳಬೇಕು. 55ಕ್ಕೆ ಏರಲು ಸುಮಾರು ಶೇ. 22 ಏರಬೇಕು. ಹಾಗಾಗಿ ಹಲವು ವರ್ಷ ಈ ನಿಯಮ ನಿಮ್ಮಿಂದ ಏನನ್ನೂ ಮಾಡಿಸುವುದಿಲ್ಲ. ಅಂತರವನ್ನು ಒಂದೆರಡು ಅಂಶಕ್ಕೆ ಇಳಿಸಿದರೆ ಪದೇ ಪದೇ ಮಾರಬೇಕಾಗುತ್ತದೆ, ತೆರಿಗೆ ಮತ್ತು ಶುಲ್ಕ ತಿನ್ನುತ್ತವೆ. ಇನ್ನೊಂದು ಮಾತು: ಶೇ. 5ರಷ್ಟು ಚಿನ್ನದಂಥ ಚಿಕ್ಕ ಪಾಲು ಇದ್ದರೆ ಐದು ಅಂಶಗಳ ನಿಯಮ ಅದಕ್ಕೆ ಅನ್ವಯಿಸುವುದೇ ಇಲ್ಲ, ಅದು ಸೊನ್ನೆಯಾಗುವ ತನಕ ಕಾಯಬೇಕಾದೀತು. ಚಿಕ್ಕ ಪಾಲಿಗೆ ‘ಗುರಿಯ ಕಾಲುಭಾಗದಷ್ಟು ಅಲುಗಿದರೆ’ ಎಂದು ಬರೆಯಿರಿ. ಆಗ 5ರ ಗುರಿಗೆ ಮಿತಿ 3.75 ಮತ್ತು 6.25 ಆಗುತ್ತದೆ.

ಹೇಗೆ ತರಬೇಕು ಎಂಬ ಕ್ರಮವೂ ಬೇಕು. ಮೊದಲು ಹೊಸ ಉಳಿತಾಯವನ್ನು ಕಡಿಮೆಯಿರುವ ಕಡೆಗೆ ಹಾಕಿ. ಸಾಲದಿದ್ದರೆ ತೆರಿಗೆ ಬೀಳದ ಖಾತೆಯೊಳಗೆ ಬದಲಿಸಿ. ಅದೂ ಸಾಲದಿದ್ದರೆ ಮಾತ್ರ ತೆರಿಗೆ ಬೀಳುವ ಖಾತೆಯಲ್ಲಿ ಮಾರಿ. ನಮ್ಮ ದಂಪತಿಯ ಆರು ತಿಂಗಳ ಹೊಸ ಉಳಿತಾಯ ಒಟ್ಟು ಹಣದ ಶೇ. 1.6ರಷ್ಟೇ. ಅದೆಲ್ಲವನ್ನೂ ಒಂದೇ ಕಡೆ ಹಾಕಿದರೂ ಪಾಲು ಒಂದು ಅಂಶವೂ ಸರಿಯುವುದಿಲ್ಲ. ಉಳಿತಾಯ ಶುರುಮಾಡಿದ ಮೊದಲ ವರ್ಷಗಳಲ್ಲಿ ಹೊಸ ಹಣವೇ ಎಲ್ಲ ಕೆಲಸ ಮಾಡುತ್ತದೆ. ಗಂಟು ದೊಡ್ಡದಾದ ಮೇಲೆ ಮಾರಲೇಬೇಕಾಗುತ್ತದೆ ಎಂಬುದು ತಿಳಿದಿರಲಿ.

ಈಗ ಕೆಟ್ಟ ದಿನದ ಲೆಕ್ಕ ಮಾಡೋಣ. ಷೇರು ಅರ್ಧಕ್ಕಿಳಿಯಿತು. ನಾಲ್ಕು ವರ್ಷದ ಷೇರು ಹಣ ಎರಡಾಯಿತು, ಬಾಂಡ್ ನಾಲ್ಕರಲ್ಲೇ ಇದೆ, ಒಟ್ಟು ಆರು. ಷೇರಿನ ಪಾಲು ಶೇ. 33. ನಿಯಮದ ಪ್ರಕಾರ ಎರಡೂ ಮೂರು ಮೂರು ಆಗಬೇಕು. ಅಂದರೆ ಒಂದು ವರ್ಷದ ಮನೆಖರ್ಚಿನಷ್ಟು ಬಾಂಡ್ ಮಾರಿ, ಎಲ್ಲರೂ ಓಡಿಹೋಗುತ್ತಿರುವ ಷೇರನ್ನು ಕೊಳ್ಳಬೇಕು. ಮುಂದೆ ಷೇರು ಹಳೆಯ ಬೆಲೆಗೆ ಮರಳಿದರೆ ಒಟ್ಟು ಒಂಬತ್ತು ವರ್ಷದ ಹಣವಾಗುತ್ತದೆ. ಏನೂ ಮಾಡದೆ ಕೂತಿದ್ದರೆ ಎಂಟು. ಆದರೆ ಮರುಹೊಂದಾಣಿಕೆಯ ನಂತರವೂ ಷೇರು ಇನ್ನೂ ಮೂರನೇ ಒಂದು ಭಾಗ ಬಿದ್ದರೆ ಉಳಿಯುವುದು ಐದು ವರ್ಷದ ಹಣ, ಸುಮ್ಮನಿದ್ದಿದ್ದರೆ 5.3 ಇರುತ್ತಿತ್ತು. ಅಂದರೆ ಒಪ್ಪಿಕೊಂಡಿದ್ದ ಎರಡು ವರ್ಷದ ನಷ್ಟ ಮೂರಾಗಬಹುದು. ಈ ಎರಡೂ ಫಲಿತಾಂಶಗಳನ್ನು ಸಹಿ ಹಾಕುವ ಮೊದಲೇ ಇಬ್ಬರೂ ನೋಡಿರಬೇಕು.

ಇದಕ್ಕಾಗಿಯೇ ಒಂದು ತಳಮಿತಿಯ ಸಾಲು ಸೇರಿಸಿ: ‘ಮರುಹೊಂದಾಣಿಕೆಗಾಗಿ ಬಾಂಡ್ ಪಾಲನ್ನು ಮೂರು ವರ್ಷದ ಖರ್ಚಿಗಿಂತ ಕೆಳಗೆ ಇಳಿಸುವುದಿಲ್ಲ.’ ಆ ಮಿತಿ ಮುಟ್ಟಿದ ಮೇಲೆ ಹೊಸ ಉಳಿತಾಯ ಮಾತ್ರ ಷೇರಿಗೆ ಹೋಗುತ್ತದೆ. ನಿವೃತ್ತಿ ಹತ್ತಿರವಾದಂತೆ ಈ ಸಾಲಿನ ಬೆಲೆ ಏರುತ್ತದೆ. ಸಂಬಳ ನಿಂತ ಮೇಲೆ ಖರ್ಚಿಗೆ ಬರುವುದು ಅದೇ ಬಾಂಡ್ ಹಣ.

ದಿನಾಂಕಗಳ ನಡುವೆ ಕುಸಿತ ಬಂದು ಹೋದರೆ? 2020ರಲ್ಲಿ ಎಸ್‌ ಅಂಡ್ ಪಿ 500 ಫೆಬ್ರುವರಿ 19ರಿಂದ ಮಾರ್ಚ್ 23ರ ಒಳಗೆ ಸುಮಾರು ಶೇ. 34 ಬಿತ್ತು, ಆಗಸ್ಟ್ ಹೊತ್ತಿಗೆ ಹಳೆಯ ಎತ್ತರ ದಾಟಿತ್ತು. ಜನವರಿ, ಜುಲೈ ನಿಯಮ ಪಾಲಿಸಿದವರು ತಳದಲ್ಲಿ ಕೊಳ್ಳುವ ಅವಕಾಶ ತಪ್ಪಿಸಿಕೊಂಡರು, ನಿಜ. ಆದರೆ ತಳದಲ್ಲಿ ಮಾರಲೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಮನೆಯ ಹಣಕ್ಕೆ ಈ ವಿನಿಮಯ ಒಪ್ಪುವಂಥದ್ದೇ. ಮಧ್ಯೆ ಇಣುಕುವ ಅವಕಾಶ ಬಿಟ್ಟರೆ ಇಣುಕು ದಿನಕ್ಕೊಮ್ಮೆಯಾಗುತ್ತದೆ.

ಗುರಿ ಬದಲಿಸುವ ನಿಯಮ

ಗುರಿ ಬದಲಾಗುವುದು ಬದುಕು ಬದಲಾದಾಗ ಮಾತ್ರ. ಯಾವ ಬದಲಾವಣೆಗಳು ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಹೆಸರಿಟ್ಟು ಬರೆಯಿರಿ: ಒಬ್ಬರ ಆದಾಯ ಶಾಶ್ವತವಾಗಿ ನಿಲ್ಲುವುದು, ನಿವೃತ್ತಿಯ ವರ್ಷ ಎರಡಕ್ಕಿಂತ ಹೆಚ್ಚು ವರ್ಷ ಹಿಂದೆ ಮುಂದೆ ಆಗುವುದು, ಹೊಸದಾಗಿ ಯಾರಾದರೂ ಅವಲಂಬಿತರಾಗುವುದು, ಗಂಭೀರ ಕಾಯಿಲೆ, ದೊಡ್ಡ ಸಾಲ ಅಥವಾ ಪಿತ್ರಾರ್ಜಿತ ಹಣ. ‘ಅಸಾಧಾರಣ ಸಂದರ್ಭಗಳಲ್ಲಿ’ ಎಂಬ ಪದಗಳನ್ನು ಸೇರಿಸಲೇಬೇಡಿ. ಪ್ರತಿ ಕುಸಿತವೂ ನಡೆಯುತ್ತಿರುವಾಗ ಅಸಾಧಾರಣವಾಗಿಯೇ ಕಾಣುತ್ತದೆ.

ಕಾರಣ ಪಟ್ಟಿಯಲ್ಲಿದ್ದರೂ ಕೂಡಲೇ ಬದಲಿಸುವಂತಿಲ್ಲ. ಬದಲಾವಣೆ ಮತ್ತು ಅದರ ಕಾರಣವನ್ನು ಮೂರು ವಾಕ್ಯದಲ್ಲಿ ಬರೆದು, ದಿನಾಂಕ ಹಾಕಿ, 90 ದಿನ ಬಿಡಿ. ಆಮೇಲೂ ಇಬ್ಬರಿಗೂ ಸರಿಯೆನಿಸಿದರೆ ಸಹಿ ಹಾಕಿ. ಒಂದು ವರ್ಷದಲ್ಲಿ ಗುರಿ 10 ಅಂಶಕ್ಕಿಂತ ಹೆಚ್ಚು ಸರಿಯಬಾರದು. ಬರೆದ ಕಾರಣವನ್ನು ಪರೀಕ್ಷಿಸಲು ಒಂದು ದಾರಿಯಿದೆ: ಮಾರುಕಟ್ಟೆ ಈಗಿರುವುದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ ಹೋಗುತ್ತಿದ್ದರೂ ಇದೇ ವಾಕ್ಯಗಳನ್ನು ಬರೆಯುತ್ತಿದ್ದೆವೇ? ‘ನಮಗೆ ಅಪಾಯ ತಡೆಯುವ ಶಕ್ತಿ ಹೆಚ್ಚಿದೆ ಎಂದು ಈಗ ಗೊತ್ತಾಗಿದೆ’ ಎಂಬ ಮಾತು ಎರಡು ವರ್ಷದ ಏರಿಕೆಯ ನಂತರ ಬಂದಿದ್ದರೆ, ಅದು ಏರಿಕೆ ಆಡಿಸಿದ ಮಾತು. ಬಿದ್ದ ನಂತರ ಬರುವ ‘ನಮಗೆ ಇಷ್ಟು ಷೇರು ಬೇಡವಾಗಿತ್ತು’ ಎಂಬುದರಲ್ಲಿ ನಿಜ ಇರಬಹುದು. ಆದರೂ ಅದನ್ನು ಜಾರಿಗೆ ತರುವುದು ಷೇರಿನ ಪಾಲು ಮತ್ತೆ ಮಿತಿಯೊಳಗೆ ಬಂದ ಮೇಲೆ ಎಂದು ಬರೆದಿಡಿ.

ವಯಸ್ಸಿನ ಜತೆ ಷೇರು ಇಳಿಸುವ ಯೋಚನೆಯಿದ್ದರೆ ಅದನ್ನು ಈಗಲೇ ವೇಳಾಪಟ್ಟಿಯಾಗಿ ಬರೆದುಬಿಡಿ. ‘55ನೇ ವಯಸ್ಸಿಗೆ 48, ಅಲ್ಲಿಂದ ವರ್ಷಕ್ಕೆ 2 ಅಂಶದಂತೆ ಇಳಿಸಿ 59ಕ್ಕೆ 40.’ ಆಗ ಅದು ಬದಲಾವಣೆಯಲ್ಲ, ನಿಯಮದ ಪಾಲನೆ. 90 ದಿನದ ಕಾಯುವಿಕೆ ಬೇಕಿಲ್ಲ.

ಕಿವಿಗೊಡಬಾರದವು

ಈ ಪಟ್ಟಿ ಇರುವುದು ಸುದ್ದಿ ಓದಬೇಡಿ ಎನ್ನಲು ಅಲ್ಲ. ಓದಿದ್ದಕ್ಕೆ ಪ್ರತಿಯಾಗಿ ಕೊಳ್ಳುವುದು, ಮಾರುವುದು ಆಗಬಾರದು ಎಂಬುದಷ್ಟೇ. ನಿಮ್ಮನ್ನು ನಿಜವಾಗಿ ಅಲುಗಿಸುವ ನಾಲ್ಕೈದನ್ನು ಮಾತ್ರ ಬರೆಯಿರಿ. ಸಾಮಾನ್ಯವಾಗಿ ಬರುವವು ಇವು: ಸೂಚ್ಯಂಕ ಎಲ್ಲಿಗೆ ಹೋಗುತ್ತದೆ ಎಂಬ ಭವಿಷ್ಯ, ಬಡ್ಡಿದರದ ಊಹೆ, ಚುನಾವಣೆಯ ಫಲಿತಾಂಶ, ಕಳೆದ ವರ್ಷ ಅತಿ ಹೆಚ್ಚು ಲಾಭ ಕೊಟ್ಟ ಫಂಡ್‌ಗಳ ಪಟ್ಟಿ, ಬೇರೆಯವರು ಗಳಿಸಿದ ಲಾಭದ ಮಾತು. ‘ಮಾರುಕಟ್ಟೆ ದಾಖಲೆ ಎತ್ತರದಲ್ಲಿದೆ’ ಎಂಬುದನ್ನೂ ಸೇರಿಸಿ. ದೀರ್ಘಕಾಲದಲ್ಲಿ ಏರುವ ಯಾವ ಸೂಚ್ಯಂಕವಾದರೂ ಮತ್ತೆ ಮತ್ತೆ ಹೊಸ ಎತ್ತರ ಮುಟ್ಟಲೇಬೇಕು, ಅದೊಂದೇ ಮಾರಲು ಕಾರಣವಲ್ಲ.

ಇದರ ಪಕ್ಕದಲ್ಲೇ ನಿರ್ಲಕ್ಷಿಸಬಾರದ್ದನ್ನೂ ಬರೆಯದಿದ್ದರೆ ಪಟ್ಟಿ ಕುರುಡಾಗುತ್ತದೆ. ಫಂಡಿನ ವಾರ್ಷಿಕ ಖರ್ಚು ಏರಿದರೆ, ಅದು ಅನುಸರಿಸುವ ಸೂಚ್ಯಂಕ ಬದಲಾದರೆ, ಇನ್ನೊಂದು ಫಂಡಿನ ಜತೆ ವಿಲೀನವಾದರೆ, ತೆರಿಗೆ ಕಾನೂನು ಬದಲಾದರೆ ಗಮನಿಸಲೇಬೇಕು. ಇವುಗಳಿಗೆ ಉತ್ತರ ಅದೇ ಪಾಲಿನೊಳಗೆ ಫಂಡ್ ಬದಲಿಸುವುದು. ಷೇರು, ಬಾಂಡ್ ನಡುವಿನ ಗುರಿ ಅಲ್ಲೇ ಇರುತ್ತದೆ.

ಸ್ವಂತ ಆಯ್ಕೆಯ ಷೇರು ಕೊಳ್ಳುವ ಆಸೆ ತಡೆಯಲಾಗದಿದ್ದರೆ ಅದಕ್ಕೊಂದು ಬೇರೆ ಖಾತೆ ತೆರೆಯಿರಿ, ಒಟ್ಟು ಹಣದ ಶೇ. 5 ಮಿತಿ ಹಾಕಿ, ಅದು ಷೇರಿನ 50ರೊಳಗೇ ಸೇರುತ್ತದೆ ಎಂದು ಬರೆಯಿರಿ. ಅಲ್ಲಿನ ಹಣ ಕರಗಿದರೆ ಮತ್ತೆ ತುಂಬಿಸುವಂತಿಲ್ಲ. ಈ ಕೊನೆಯ ಮಾತಿಲ್ಲದಿದ್ದರೆ ಶೇ. 5ರ ಮಿತಿಗೆ ಅರ್ಥವಿಲ್ಲ.

ಪೂರ್ತಿ ಪುಟ ಹೀಗಿರುತ್ತದೆ

> ಉದ್ದೇಶ: 60ನೇ ವಯಸ್ಸಿನಿಂದ ಮನೆಖರ್ಚು. ವಾಸದ ಮನೆ, ತುರ್ತು ನಿಧಿ, ಐದು ವರ್ಷದೊಳಗೆ ಬೇಕಾದ ಹಣ ಇದರಲ್ಲಿ ಸೇರಿಲ್ಲ.
>
> ಹಂಚಿಕೆ: ಷೇರು 50 (ಸ್ವದೇಶ 25, ಹೊರದೇಶ 25), ಬಾಂಡ್ 50. ಷೇರು ಎಂದರೆ ಇಂಡೆಕ್ಸ್ ಫಂಡ್. ಬಾಂಡ್ ಎಂದರೆ ಉತ್ತಮ ದರ್ಜೆಯದು, ಡ್ಯುರೇಶನ್ 5ರೊಳಗೆ. 55ನೇ ವಯಸ್ಸಿಗೆ ಷೇರು 48, ಅಲ್ಲಿಂದ ವರ್ಷಕ್ಕೆ 2 ಇಳಿಸಿ 59ಕ್ಕೆ 40.
>
> ಒಪ್ಪಿಕೊಂಡ ನಷ್ಟ: ಷೇರು ಅರ್ಧವಾದರೆ ಎಂಟರಲ್ಲಿ ಎರಡು ವರ್ಷದ ಹಣ ಹೋಗುತ್ತದೆ. ಕುಸಿತ ಮುಂದುವರಿದರೆ ಮೂರು ಹೋಗಬಹುದು. ಇಬ್ಬರಿಗೂ ಗೊತ್ತಿದೆ.
>
> ಮರುಹೊಂದಾಣಿಕೆ: ಜನವರಿ 10, ಜುಲೈ 10. ಷೇರು ಗುರಿಯಿಂದ 5 ಅಂಶ ಮೀರಿ ಸರಿದಿದ್ದರೆ ಗುರಿಗೆ ತರುವುದು. ಮೊದಲು ಹೊಸ ಹಣ, ನಂತರ ತೆರಿಗೆ ಬೀಳದ ಖಾತೆ, ಕೊನೆಗೆ ಮಾರಾಟ. ಬಾಂಡ್ ಮೂರು ವರ್ಷದ ಖರ್ಚಿಗಿಂತ ಕೆಳಗಿಳಿಯದು.
>
> ಗುರಿ ಬದಲಾವಣೆ: ಆದಾಯ, ನಿವೃತ್ತಿಯ ವರ್ಷ, ಅವಲಂಬಿತರು, ಕಾಯಿಲೆ, ದೊಡ್ಡ ಸಾಲ ಅಥವಾ ಪಿತ್ರಾರ್ಜಿತ ಬದಲಾದರೆ ಮಾತ್ರ. ಬರೆದು 90 ದಿನ ಕಾಯುವುದು, ಇಬ್ಬರ ಸಹಿ, ವರ್ಷಕ್ಕೆ ಗರಿಷ್ಠ 10 ಅಂಶ.
>
> ಕಿವಿಗೊಡುವುದಿಲ್ಲ: ಮಾರುಕಟ್ಟೆ ಭವಿಷ್ಯ, ಬಡ್ಡಿದರದ ಊಹೆ, ಚುನಾವಣೆ, ಕಳೆದ ವರ್ಷದ ಉತ್ತಮ ಫಂಡ್, ದಾಖಲೆ ಎತ್ತರ, ಬೇರೆಯವರ ಲಾಭ.
>
> ಗಮನಿಸುತ್ತೇವೆ: ಫಂಡಿನ ಖರ್ಚು, ಸೂಚ್ಯಂಕ ಬದಲಾವಣೆ, ವಿಲೀನ, ತೆರಿಗೆ ಕಾನೂನು.
>
> ಸಹಿ, ಸಹಿ, ದಿನಾಂಕ.

ಪುಟದ ಹಿಂಬದಿ ಖಾಲಿ ಇರಲಿ. ಪ್ರತಿ ಜನವರಿ, ಜುಲೈಯಲ್ಲಿ ಅಲ್ಲಿ ಒಂದು ಸಾಲು: ದಿನಾಂಕ, ಷೇರಿನ ಪಾಲು, ಏನು ಮಾಡಿದಿರಿ. ಹೆಚ್ಚಿನ ಸಾಲುಗಳಲ್ಲಿ ‘ಏನೂ ಇಲ್ಲ’ ಎಂದೇ ಇರುತ್ತದೆ. ನಿಗದಿತ ದಿನಾಂಕ ಬಿಟ್ಟು ಬೇರೆ ದಿನಾಂಕಗಳು ಆ ಪಟ್ಟಿಯಲ್ಲಿ ಕಾಣಿಸತೊಡಗಿದರೆ, ಅಥವಾ ಒಂದೇ ವರ್ಷದಲ್ಲಿ ಗುರಿ ಬದಲಾವಣೆಯ ಕೋರಿಕೆ ಎರಡು ಸಲ ಬಂದರೆ, ಹಂಚಿಕೆ ಮೊದಲಿನಿಂದಲೇ ನಿಮ್ಮ ಸಹನೆಗೆ ಮೀರಿದ್ದಾಗಿತ್ತು ಎಂದರ್ಥ. ಆಗ ‘ಎಷ್ಟು ವರ್ಷದ ಹಣ ಕರಗಿದರೂ ಮಾರದೆ ಇರಬಲ್ಲೆ’ ಎಂಬ ಪ್ರಶ್ನೆಗೆ ಇಬ್ಬರೂ ಮತ್ತೆ ಬೇರೆ ಬೇರೆ ಕೂತು ಉತ್ತರ ಬರೆಯಬೇಕು. ಅದರಿಂದ ಬಂದ ಹೊಸ ಗುರಿಯೂ ಅದೇ 90 ದಿನ ಕಾಯುತ್ತದೆ.